ನನ್ನ ಮಗನ ಹೆಸರಿಗೆ ಸೇರಿಕೊಂಡ ಮೂರು ಅಕ್ಷರಗಳು: ಶಾಲೆಯ ಮುಖ್ಯೋಪಾಧ್ಯಾಯರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಮುಖ್ಯೋಪಾಧ್ಯಾಯರು,
ಹಾಗೂ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರು ಮತ್ತು ಸರ್ವ ಸದಸ್ಯರು,
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ,
ರಾಣೆಬೆನ್ನೂರು ತಾಲ್ಲೂಕು, ಹಾವೇರಿ ಜಿಲ್ಲೆ.

ವಿಷಯ: ವರ್ಗಾವಣೆ ಪ್ರಮಾಣಪತ್ರದಲ್ಲಿ ನನ್ನ ಮಗನ ಹೆಸರಿನ ಇಂಗ್ಲಿಷ್ ಕಾಗುಣಿತ ತಪ್ಪಾಗಿರುವುದನ್ನು ಸರಿಪಡಿಸಿಕೊಡುವ ಕುರಿತು.

ಮಾನ್ಯರೇ,

ನನ್ನ ಮಗ ಮಾಲತೇಶ ತಮ್ಮ ಶಾಲೆಯಲ್ಲಿ 2018ರ ಜೂನ್‌ನಿಂದ 2025ರ ಏಪ್ರಿಲ್‌ವರೆಗೆ, ಒಂದನೆಯ ತರಗತಿಯಿಂದ ಏಳನೆಯ ತರಗತಿಯವರೆಗೆ ಓದಿದ್ದಾನೆ. ಅವನಿಗೆ ಓದು ಬರಹ ಕಲಿಸಿದ ಶಿಕ್ಷಕರ ಮೇಲೆ ನಮಗೆ ಇರುವ ಗೌರವ ಈ ಪತ್ರದಿಂದ ಕಡಿಮೆಯಾಗುವುದಿಲ್ಲ. ಜೂನ್ ತಿಂಗಳಿನಿಂದ ಮೂರು ಸಲ ಶಾಲೆಗೆ ಬಂದು ಬಾಯಿಮಾತಿನಲ್ಲಿಯೂ, ಒಮ್ಮೆ ಬರೆದುಕೊಟ್ಟ ಅರ್ಜಿಯ ಮೂಲಕವೂ ಕೇಳಿಕೊಂಡ ಮೇಲೆ ಕೆಲಸ ಮುಂದಕ್ಕೆ ಹೋಗದೆ ಇರುವುದರಿಂದಲೂ, ಇದೇ ತೊಂದರೆ ಅವನ ಜೊತೆಗೆ ಓದಿದ ಇನ್ನೂ ಕೆಲವು ಮಕ್ಕಳಿಗೆ ಆಗಿರುವುದನ್ನು ನಾನು ಕಣ್ಣಾರೆ ನೋಡಿರುವುದರಿಂದಲೂ ಇದನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ನನ್ನ ಮಗನ ಜನನ ಪ್ರಮಾಣಪತ್ರದಲ್ಲಿ ಅವನ ಹೆಸರು ಕನ್ನಡದಲ್ಲಿ "ಮಾಲತೇಶ ಬಡಿಗೇರ" ಎಂದೂ ಇಂಗ್ಲಿಷಿನಲ್ಲಿ "MALATESH BADIGER" ಎಂದೂ ಇದೆ. ಆಧಾರ್ ಕಾರ್ಡಿನಲ್ಲಿಯೂ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿಯೂ ಇಂಗ್ಲಿಷ್ ಅಕ್ಷರಗಳು ಅವೇ. ತಾವು ಜೂನ್‌ನಲ್ಲಿ ಕೊಟ್ಟ ವರ್ಗಾವಣೆ ಪ್ರಮಾಣಪತ್ರದಲ್ಲಿ ಕನ್ನಡದ ಹೆಸರು ಸರಿಯಾಗಿದೆ. ಅದರ ಕೆಳಗಿನ ಇಂಗ್ಲಿಷ್ ಸಾಲಿನಲ್ಲಿ ಮಾತ್ರ "MALATHESHA BADIGERA" ಎಂದು ಮುದ್ರಣವಾಗಿದೆ. ಮಗನ ಹೆಸರಿನ ನಡುವೆ ಒಂದು H, ಕೊನೆಗೆ ಒಂದು A, ಅಡ್ಡಹೆಸರಿನ ಕೊನೆಗೆ ಇನ್ನೊಂದು A. ಒಟ್ಟು ಮೂರು ಅಕ್ಷರ ಹೆಚ್ಚಾಗಿವೆ.

ಮೊದಲ ಸಲ ಬಂದಾಗ ಗಣಕಯಂತ್ರದ ಕೆಲಸ ನೋಡಿಕೊಳ್ಳುವ ಶಿಕ್ಷಕರು ನನಗೆ ಹೇಳಿದ್ದು, "ಕನ್ನಡದಾಗ ಸರಿ ಐತಲ್ರಿ ಅಕ್ಕಾರ, ಇಂಗ್ಲಿಷ್‌ನ್ಯಾಗ ಹೆಂಗ ಬರದರೂ ಓದೂದು ಅದ ಅಲ್ಲೇನ್ರಿ?" ಎಂದು. ಅವರು ಅದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಪ್ರಾಥಮಿಕ ಶಾಲೆಗೆ ಗುಮಾಸ್ತರನ್ನು ಕೊಡದೆ, ಪಾಠ ಮಾಡುವವರ ಕೈಯಲ್ಲಿಯೇ ದಾಖಲಾತಿ, ಬಿಸಿಯೂಟ, ವಿದ್ಯಾರ್ಥಿವೇತನ ಎಲ್ಲದರ ಮಾಹಿತಿಯನ್ನೂ ತುಂಬಿಸುವ ವ್ಯವಸ್ಥೆಯ ಭಾರ ಎಷ್ಟಿದೆ ಎಂಬುದು ನನಗೆ ಗೊತ್ತು. ಆದರೆ ಅವರ ಪ್ರಶ್ನೆಗೆ ನಾನು ಅಂದು ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಈಗ ಕೊಡುತ್ತೇನೆ, ಏಕೆಂದರೆ ಇಡೀ ತಕರಾರು ಇರುವುದು ಅದೇ ಪ್ರಶ್ನೆಯಲ್ಲಿ.

ನಾನು ಹನ್ನೊಂದು ವರ್ಷಗಳಿಂದ ಡಿಟಿಪಿ ಕೆಲಸ ಮಾಡುತ್ತಿದ್ದೇನೆ. ಲಗ್ನಪತ್ರಿಕೆ, ಅರ್ಜಿ, ನೋಟರಿ ಮುಂದೆ ಸಹಿ ಮಾಡುವ ಪ್ರಮಾಣಪತ್ರಗಳನ್ನು ಟೈಪು ಮಾಡುವುದು ನನ್ನ ದಿನದ ದುಡಿಮೆ. ನುಡಿ ತಂತ್ರಾಂಶದಲ್ಲಿ "ತ" ಬರೆಯಲು t ಕೀಲಿ ಒತ್ತುತ್ತೇವೆ, "ಥ" ಬರೆಯಲು ಶಿಫ್ಟ್ ಹಿಡಿದು ಅದೇ ಕೀಲಿ ಒತ್ತುತ್ತೇವೆ, "ಟ" ಬೇಕಾದರೆ q ಕೀಲಿ ಇದೆ. ಕನ್ನಡದ ಮೂರು ಬೇರೆ ಬೇರೆ ಅಕ್ಷರಗಳಿಗೆ ಮೂರು ಬೇರೆ ಬೇರೆ ಒತ್ತು. ಇಂಗ್ಲಿಷ್ ಕಾಗುಣಿತಕ್ಕೆ ಈ ಅನುಕೂಲ ಇಲ್ಲ. ಅಲ್ಲಿ ಒಂದು T ಇದೆ, ಅದರ ಪಕ್ಕಕ್ಕೆ ಬೇಕಾದರೆ H ಸೇರಿಸಬಹುದು, ಅಷ್ಟೇ. ಈ ಎರಡರಲ್ಲಿ ಮೂರು ಅಕ್ಷರಗಳನ್ನು ಹೊಂದಿಸಬೇಕಾಗಿ ಬಂದಾಗ ಬೆಂಗಳೂರು, ಮೈಸೂರು ಕಡೆಯವರು "ಟ"ಗೆ T ಇಟ್ಟು "ತ"ಗೆ TH ಬರೆಯುವ ರೂಢಿ ಮಾಡಿಕೊಂಡರು. ಹಾಗಾಗಿ ಅಲ್ಲಿಯ ಸವಿತಾ Savitha ಆಗುತ್ತಾಳೆ, ಅಕ್ಷತಾ Akshatha ಆಗುತ್ತಾಳೆ. 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದ ನಮ್ಮ ಕಡೆ ಮರಾಠಿಯವರ ಹಾಗೆ "ತ"ಗೂ "ಟ"ಗೂ T ಬರೆದು, TH ಅನ್ನು ಮಂಜುನಾಥನ "ಥ"ಕ್ಕೆ ಮೀಸಲಿಡುವ ರೂಢಿ ಹೆಚ್ಚು. ಹೆಸರಿನ ಕೊನೆಯ ಅಕಾರದ್ದೂ ಇದೇ ಕಥೆ. ಧಾರವಾಡವನ್ನು Dharwad ಎಂದು ಬರೆಯುತ್ತೇವೆ, ಗದಗವನ್ನು Gadag ಎಂದು ಬರೆಯುತ್ತೇವೆ, ಕೊನೆಗೆ A ಹಚ್ಚುವುದಿಲ್ಲ. ಬಡಿಗೇರ, ಕಮ್ಮಾರ, ಪೂಜಾರ ಎಂಬ ಅಡ್ಡಹೆಸರುಗಳಿಗೂ ನಮ್ಮಲ್ಲಿ ಹಚ್ಚುವ ವಾಡಿಕೆ ಇಲ್ಲ.

ಇದರಲ್ಲಿ ಒಂದು ರೂಢಿ ಸರಿ, ಇನ್ನೊಂದು ತಪ್ಪು ಎಂದು ನಾನು ವಾದಿಸುತ್ತಿಲ್ಲ. ಮಾಲತೇಶ ಎಂಬ ಹೆಸರಿನವರೇ ತಮ್ಮ ಹೆಸರನ್ನು Malatesh, Malathesh, Maltesh ಎಂದು ಮೂರು ತೆರನಾಗಿ ಬರೆದುಕೊಳ್ಳುವುದನ್ನು ನಾನು ಕಂಡಿದ್ದೇನೆ, ದೇವರಗುಡ್ಡದ ದೇವರ ಹೆಸರು ಇಟ್ಟುಕೊಂಡವರು ನಮ್ಮ ತಾಲ್ಲೂಕಿನಲ್ಲಿ ಮನೆಗೊಬ್ಬರು ಸಿಗುತ್ತಾರೆ. ಯಾವ ಕಾಗುಣಿತ ಚೆಂದ ಎಂಬುದನ್ನು ಹೆಸರಿಡುವ ದಿನ ತಂದೆತಾಯಿ ತೀರ್ಮಾನಿಸಬಹುದು. ಒಮ್ಮೆ ಅದು ಜನನ ಪ್ರಮಾಣಪತ್ರದಲ್ಲಿ ಮೂಡಿದ ಮೇಲೆ, ಮುಂದಿನ ದಾಖಲೆ ಬರೆಯುವವರು ಕನ್ನಡದ ಹೆಸರನ್ನು ಕಿವಿಯಿಂದ ಕೇಳಿ ತಮ್ಮ ರೂಢಿಯಂತೆ ಹೊಸದಾಗಿ ಇಂಗ್ಲಿಷಿಗೆ ಇಳಿಸಬಾರದು. ಮುಂದೆ ಇರುವ ಕಾಗದವನ್ನು ನೋಡಿ, ಅಲ್ಲಿರುವ ಅಕ್ಷರಗಳನ್ನು ಒಂದೊಂದಾಗಿ ನಕಲು ಮಾಡಬೇಕು. ನನ್ನ ದೂರು ಇಷ್ಟೇ: ನನ್ನ ಮಗನ ಹೆಸರನ್ನು ಶಾಲೆಯಲ್ಲಿ ನಕಲು ಮಾಡಲಿಲ್ಲ, ಹೊಸದಾಗಿ ಬರೆದರು.

ಅದು ಯಾವಾಗ ಆಯಿತು ಎಂಬುದನ್ನು ಮನೆಯಲ್ಲಿರುವ ಪ್ರಗತಿ ಪತ್ರಗಳನ್ನು ಮುಂದಿಟ್ಟುಕೊಂಡು ಹುಡುಕಿದೆ. ಒಂದನೆಯ ಮತ್ತು ಎರಡನೆಯ ತರಗತಿಯ ಪತ್ರಗಳಲ್ಲಿ ತರಗತಿ ಶಿಕ್ಷಕಿಯವರು ಕೈಯಿಂದ ಬರೆದ ಹೆಸರು "MALATESH BADIGER" ಎಂದೇ ಇದೆ, ಒಂದು ಅಕ್ಷರವೂ ಹೆಚ್ಚು ಕಡಿಮೆ ಇಲ್ಲ. ಮೂರನೆಯ ತರಗತಿಯ ವರ್ಷ ಕೊರೊನಾದಿಂದ ಶಾಲೆ ಮುಚ್ಚಿತ್ತು, ಆ ವರ್ಷದ ಪತ್ರ ನಮ್ಮಲ್ಲಿಲ್ಲ. 2021-22ರ ನಾಲ್ಕನೆಯ ತರಗತಿಯ ಪತ್ರ ಗಣಕಯಂತ್ರದಿಂದ ಮುದ್ರಿಸಿದ್ದು, ಅದರಲ್ಲಿ ಮೊದಲ ಬಾರಿಗೆ "MALATHESHA BADIGERA" ಕಾಣಿಸಿಕೊಂಡಿದೆ. ಅಲ್ಲಿಂದ ಏಳನೆಯ ತರಗತಿಯವರೆಗೆ ಅದೇ ಮುಂದುವರಿದಿದೆ. ಎಂದರೆ ದಾಖಲಾತಿಯ ದಿನ ತಪ್ಪಾಗಿಲ್ಲ. ನಡುವೆ ಎಲ್ಲಿಯೋ, ಶಿಕ್ಷಣ ಇಲಾಖೆಯ ಎಸ್‌ಎಟಿಎಸ್ ಎಂಬ ಗಣಕ ವ್ಯವಸ್ಥೆಯಲ್ಲಿ ಮಕ್ಕಳ ಮಾಹಿತಿಯನ್ನು ತುಂಬುವಾಗಲೋ ಪರಿಷ್ಕರಿಸುವಾಗಲೋ ಕನ್ನಡದ ಹೆಸರನ್ನು ನೋಡಿ ಇಂಗ್ಲಿಷ್ ಸಾಲನ್ನು ಬರೆಯಲಾಗಿದೆ. ನಾಲ್ಕನೆಯ ತರಗತಿಯ ಪತ್ರಕ್ಕೆ ನಾನೇ ಸಹಿ ಮಾಡಿದ್ದೇನೆ. ದಿನವೂ ಬೇರೆಯವರ ಕರಡು ತಿದ್ದುವ ನಾನು ಅಂದು ಅಂಕಗಳನ್ನು ನೋಡಿದೆ, ಹೆಸರನ್ನು ನೋಡಲಿಲ್ಲ. ಆ ಅಜಾಗರೂಕತೆ ನನ್ನದು, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ತಪ್ಪನ್ನು ತಡವಾಗಿ ಕಂಡುಹಿಡಿದದ್ದರಿಂದ ಅದು ಸರಿಯಾದ ಹೆಸರಾಗಿಬಿಡುವುದಿಲ್ಲ.

"ಓದೂದು ಅದ ಅಲ್ಲೇನ್ರಿ" ಎಂಬ ಮಾತು ಮನುಷ್ಯರು ಓದುವವರೆಗೆ ನಿಜ. ಯಂತ್ರಕ್ಕೆ ಅದು ಅನ್ವಯಿಸುವುದಿಲ್ಲ. ಆಗಸ್ಟ್‌ನಲ್ಲಿ ಮಗನ ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಅಪಾರ್ ಗುರುತಿನ ಸಂಖ್ಯೆ ಮಾಡಿಸುವಾಗ ಅವನದು ಆಗಲಿಲ್ಲ. ಆ ಹನ್ನೆರಡು ಅಂಕಿಯ ಸಂಖ್ಯೆ ಹುಟ್ಟಬೇಕಾದರೆ ಶಾಲೆಯ ದಾಖಲೆಯಲ್ಲಿರುವ ಹೆಸರು, ಜನ್ಮದಿನಾಂಕ ಮತ್ತು ಲಿಂಗ ಆಧಾರ್‌ನೊಂದಿಗೆ ತಾಳೆಯಾಗಬೇಕು. ಜನ್ಮದಿನಾಂಕ ತಾಳೆಯಾಯಿತು, ಹೆಸರು ಆಗಲಿಲ್ಲ. ಮಗ ಮನೆಗೆ ಬಂದು, "ಅವ್ವಾ, ನನ್ನ ಹೆಸರು ತಪ್ಪಂತ, ಹೌದೇನು?" ಎಂದು ಕೇಳಿದ. ಹದಿಮೂರು ವರ್ಷದ ಹುಡುಗನಿಗೆ ನಿನ್ನ ಹೆಸರು ಸರಿಯಾಗಿಯೇ ಇದೆ, ಕಾಗದ ತಪ್ಪಾಗಿದೆ ಎಂದು ತಿಳಿಸಿ ಹೇಳಬೇಕಾಯಿತು.

ಇಲ್ಲಿಂದ ಮುಂದೆ ನಮ್ಮನ್ನು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಕಳಿಸಲಾಗುತ್ತಿದೆ. ಪ್ರೌಢಶಾಲೆಯವರು, "ನಾವು ವರ್ಗಾವಣೆ ಪ್ರಮಾಣಪತ್ರದಲ್ಲಿ ಇದ್ದಂತೆ ಬರೆದುಕೊಂಡಿದ್ದೇವೆ, ತಿದ್ದಿದ ಪತ್ರ ತಂದರೆ ತಿದ್ದುತ್ತೇವೆ" ಎನ್ನುತ್ತಾರೆ. ತಮ್ಮ ಶಾಲೆಯಲ್ಲಿ, "ಮಗು ಇಲ್ಲಿಂದ ಹೋಗಿಯಾಯಿತು, ಅವನ ಮಾಹಿತಿ ಈಗ ಪ್ರೌಢಶಾಲೆಯ ಲಾಗಿನ್‌ನಲ್ಲಿದೆ, ನಮಗೆ ತೆರೆಯುವುದಿಲ್ಲ" ಎಂದರು. ಎರಡೂ ಮಾತು ನಿಜವಿರಬಹುದು. ಆದರೆ ತಮ್ಮ ಲಾಗಿನ್‌ನಲ್ಲಿ ಮಾಹಿತಿ ತೆರೆಯದೆ ಇರಬಹುದೇ ಹೊರತು ತಮ್ಮ ಕಪಾಟಿನಲ್ಲಿರುವ ದಾಖಲಾತಿ ವಹಿ ತೆರೆಯುತ್ತದೆ. 2018ರಲ್ಲಿ ನಾನು ಕೊಟ್ಟ ಜನನ ಪ್ರಮಾಣಪತ್ರದ ಪ್ರತಿ ಅರ್ಜಿಯೊಂದಿಗೆ ಅಲ್ಲಿಯೇ ಇರಬೇಕು. ತಪ್ಪು ನಕಲಿನದು ಎಂದು ಹೇಳಬಲ್ಲ ಸಾಕ್ಷಿ ಇರುವುದು ಆ ಎರಡು ಕಾಗದಗಳಲ್ಲಿ. ಅವು ಇರುವುದು ತಮ್ಮಲ್ಲಿ ಮಾತ್ರ. ಆದ್ದರಿಂದ ತಿದ್ದುಪಡಿ ಯಾವ ಲಾಗಿನ್‌ನಲ್ಲಿ ನಡೆದರೂ ಅದು ಶುರುವಾಗಬೇಕಾದದ್ದು ತಮ್ಮ ಶಾಲೆಯಿಂದ.

ಎರಡನೆಯ ಸಲ ಬಂದಾಗ ನನಗೆ ಇನ್ನೊಂದು ಸಲಹೆ ಸಿಕ್ಕಿತು: ಆಧಾರ್‌ನಲ್ಲಿಯೇ ಹೆಸರನ್ನು MALATHESHA ಎಂದು ಮಾಡಿಸಿಕೊಂಡು ಬಿಟ್ಟರೆ ಎಲ್ಲ ಸರಿಹೋಗುತ್ತದೆ, ಅದು ಸುಲಭ ಎಂದು. ಈ ಸಲಹೆಯನ್ನು ಬೇರೆ ಪಾಲಕರಿಗೂ ಕೊಡುತ್ತಿರುವುದು ನನಗೆ ಗೊತ್ತಾಗಿರುವುದರಿಂದ ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಆಧಾರ್‌ನಲ್ಲಿ ಹೆಸರಿನ ತಿದ್ದುಪಡಿಗೆ ಇಡೀ ಬದುಕಿನಲ್ಲಿ ಎರಡು ಸಲ ಮಾತ್ರ ಅವಕಾಶ ಇದೆ. ಸರಿಯಾಗಿರುವ ಹೆಸರನ್ನು ತಪ್ಪು ಮಾಡಿಸುವುದಕ್ಕೆ ಅದರಲ್ಲಿ ಒಂದು ಅವಕಾಶವನ್ನು ಸುಡಬೇಕೆ? ಸುಟ್ಟರೂ ಕೆಲಸ ಮುಗಿಯುವುದಿಲ್ಲ. ಆಗ ಆಧಾರ್ ಮತ್ತು ಶಾಲೆಯ ದಾಖಲೆ ಒಂದಾಗುತ್ತವೆ, ಜನನ ಪ್ರಮಾಣಪತ್ರ ಮತ್ತು ಪಾಸ್‌ಬುಕ್ ಬೇರೆಯಾಗುತ್ತವೆ. ಪಾಸ್‌ಬುಕ್ ತಿದ್ದಿಸಬಹುದು ಎನ್ನೋಣ. ಜನನ ಪ್ರಮಾಣಪತ್ರವನ್ನು ಏನೆಂದು ತಿದ್ದಿಸುವುದು? ಜನನ ನೋಂದಣಿಯಲ್ಲಿ ತಿದ್ದುಪಡಿ ಮಾಡುವುದು ಅಲ್ಲಿಯ ನಮೂದು ತಪ್ಪಾಗಿದ್ದರೆ. ಇಲ್ಲಿ ಅದು ತಪ್ಪಾಗಿಲ್ಲ. ನಾಲ್ಕು ಕಾಗದಗಳಲ್ಲಿ ಮೂರು ಸರಿಯಾಗಿದ್ದು ಒಂದು ತಪ್ಪಾಗಿರುವಾಗ, ಆ ಒಂದಕ್ಕೆ ಹೊಂದುವ ಹಾಗೆ ಮೂರನ್ನೂ ಕೆಡಿಸಿ ಎಂಬುದು ಯಾವ ಪಾಲಕರೂ ಒಪ್ಪಬಾರದ ಮಾತು.

ಮೂರನೆಯ ಸಲ, ನೋಟರಿಯವರ ಮುಂದೆ ಪ್ರಮಾಣಪತ್ರ ಮಾಡಿಸಿ, ದಿನಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ತನ್ನಿ ಎಂದರು. ಅಂಥ ಪ್ರಮಾಣಪತ್ರಗಳನ್ನು ನಾನೇ ಎಷ್ಟೋ ಜನರಿಗೆ ಟೈಪು ಮಾಡಿಕೊಟ್ಟಿದ್ದೇನೆ. ಅವುಗಳಲ್ಲಿ "ಇಲ್ಲಿಯವರೆಗೆ ನಾನು ಇಂಥ ಹೆಸರಿನಿಂದ ಪರಿಚಿತನಿದ್ದೆ, ಇನ್ನು ಮುಂದೆ ಇಂಥ ಹೆಸರಿನಿಂದ ಪರಿಚಿತನಾಗುತ್ತೇನೆ" ಎಂಬ ಸಾಲು ಇರುತ್ತದೆ. ಅದು ಹೆಸರು ಬದಲಾಯಿಸಿಕೊಳ್ಳುವವರ ದಾರಿ. ನನ್ನ ಮಗ ಹೆಸರು ಬದಲಾಯಿಸಿಕೊಳ್ಳುತ್ತಿಲ್ಲ. ಅವನು MALATHESHA ಎಂದು ಎಂದೂ ಪರಿಚಿತನಿರಲಿಲ್ಲ. ಇದ್ದೆ ಎಂದು ನಾನು ಸಹಿ ಮಾಡಿದರೆ ಅದು ಸುಳ್ಳು ಪ್ರಮಾಣವಾಗುತ್ತದೆ, ಮೇಲಾಗಿ ತಪ್ಪು ಹೆಸರೂ ಅವನದೇ ಎಂದು ನಾವೇ ಬರೆದುಕೊಟ್ಟಂತಾಗುತ್ತದೆ. ಹುಬ್ಬಳ್ಳಿಯ ಇಂಗ್ಲಿಷ್ ಕಾಗುಣಿತವನ್ನು Hubli ಎಂಬುದರಿಂದ Hubballi ಎಂದು ಮಾಡಲು ಕೇಂದ್ರದ ಒಪ್ಪಿಗೆ ಪಡೆದು 2014ರ ನವೆಂಬರ್ 1ರಂದು ಸರ್ಕಾರವೇ ಜಾರಿಗೆ ತರಬೇಕಾಯಿತು. ಒಂದು ಊರಿನ ಅಕ್ಷರ ಬದಲಿಸಲು ಅಷ್ಟು ವಿಧಿ ಇದೆ. ನನ್ನ ಮಗನ ಹೆಸರಿನ ಅಕ್ಷರಗಳು ಬದಲಾದಾಗ ನಮ್ಮನ್ನು ಯಾರೂ ಕೇಳಲಿಲ್ಲ. ಹಿಂದಿನಂತೆ ಮಾಡಿಕೊಡಿ ಎಂದಾಗ ಮಾತ್ರ ಜಾಹೀರಾತು ಕೇಳುತ್ತಿದ್ದೀರಿ.

ಇಷ್ಟು ಅವಸರ ಏಕೆ, ಹತ್ತನೆಯ ತರಗತಿಗೆ ಇನ್ನೂ ಎರಡು ವರ್ಷ ಇದೆಯಲ್ಲ ಎಂದು ತಾವು ಕೇಳಬಹುದು. ಅವಸರ ಇರುವುದೇ ಅದರಿಂದ. ಹತ್ತನೆಯ ತರಗತಿಯ ಪರೀಕ್ಷೆಗೆ ಮಕ್ಕಳ ಹೆಸರನ್ನು ಯಾರೂ ಹೊಸದಾಗಿ ಕೇಳಿ ಬರೆದುಕೊಳ್ಳುವುದಿಲ್ಲ. ಎಸ್‌ಎಟಿಎಸ್‌ನಲ್ಲಿರುವ ಹೆಸರೇ ಪರೀಕ್ಷೆ ಬರೆಯುವ ಮಕ್ಕಳ ಪಟ್ಟಿಯಾದ ನಾಮಿನಲ್ ರೋಲ್‌ಗೆ ಹೋಗುತ್ತದೆ, ಅದರ ಕರಡನ್ನು ಮಕ್ಕಳಿಗೆ ತೋರಿಸಿ ಸಹಿ ತೆಗೆದುಕೊಳ್ಳುತ್ತಾರೆ, ನಂತರ ಪರೀಕ್ಷಾ ಮಂಡಳಿ ಆ ಹೆಸರಿನಲ್ಲಿಯೇ ಅಂಕಪಟ್ಟಿ ಮುದ್ರಿಸುತ್ತದೆ. ಅಂಕಪಟ್ಟಿ ಕೈಗೆ ಬಂದ ಮೇಲೆ ಒಂದು ಅಕ್ಷರ ತಿದ್ದಿಸಬೇಕಾದರೂ ಮೂಲ ಅಂಕಪಟ್ಟಿಯನ್ನು ಒಪ್ಪಿಸಿ, ಶಾಲೆಯ ಮೂಲಕ ಮಂಡಳಿಗೆ ಪ್ರಸ್ತಾವನೆ ಕಳಿಸಿ, ಬರುವವರೆಗೆ ಕಾಯಬೇಕು. ಅದೂ ಪಿಯುಸಿಗೋ ಐಟಿಐಗೋ ಡಿಪ್ಲೊಮಾಕ್ಕೋ ಪ್ರವೇಶ ಪಡೆಯುವ ಅವಧಿಯಲ್ಲಿ. ಆಗಲೂ ಮಂಡಳಿಯವರು ಕೇಳುವುದು ಶಾಲೆಯ ದಾಖಲಾತಿಯಲ್ಲಿ ಹೆಸರು ಹೇಗಿದೆ ಎಂದೇ. ಎಂದರೆ ಎರಡು ವರ್ಷ ಕಳೆದು, ದುಡ್ಡು ಖರ್ಚು ಮಾಡಿ, ಸುತ್ತು ಹಾಕಿ ಕೊನೆಗೆ ನಾನು ಬಂದು ನಿಲ್ಲುವುದು ತಮ್ಮ ಅದೇ ಕಪಾಟಿನ ಮುಂದೆ. ಆ ಹೊತ್ತಿಗೆ ತಾವು ವರ್ಗವಾಗಿ ಹೋಗಿರಬಹುದು, ಆ ಅರ್ಜಿಯ ಕಡತ ಸಿಗದೆ ಹೋಗಬಹುದು.

ಹಾಗಾಗಿ ನನ್ನ ಬೇಡಿಕೆಗಳನ್ನು ಸ್ಪಷ್ಟವಾಗಿ ಇಡುತ್ತೇನೆ. ಮೊದಲನೆಯದಾಗಿ, 2018ರ ದಾಖಲಾತಿ ವಹಿಯಲ್ಲಿ ನನ್ನ ಮಗನ ನಮೂದನ್ನೂ, ಅರ್ಜಿಯೊಂದಿಗಿನ ಜನನ ಪ್ರಮಾಣಪತ್ರದ ಪ್ರತಿಯನ್ನೂ ನನ್ನ ಸಮಕ್ಷಮ ತೆಗೆದು ನೋಡಬೇಕು. ಆ ನಮೂದಿನ ದೃಢೀಕೃತ ನಕಲನ್ನು ನನಗೆ ಕೊಡಬೇಕು. ಅದರ ಜೊತೆಗೆ, ಗಣಕಯಂತ್ರದಲ್ಲಿ ಮಾಹಿತಿ ತುಂಬುವಾಗ ಇಂಗ್ಲಿಷ್ ಕಾಗುಣಿತ ತಪ್ಪಾಗಿದೆ, ಸರಿಯಾದ ಹೆಸರು MALATESH BADIGER ಎಂದು ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಿಗೆ ತಮ್ಮ ಸಹಿ, ಮೊಹರಿನೊಂದಿಗೆ ಒಂದು ಪತ್ರ ಬರೆಯಬೇಕು. ಇದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿ ಬೇಕು ಎಂದು ತಾವು ಹೇಳಿದ್ದೀರಿ. ಬೇಕಿದ್ದರೆ ಪಡೆಯೋಣ. ಆದರೆ ಆ ಕಚೇರಿಗೆ ನನ್ನನ್ನು ಬರಿಗೈಯಲ್ಲಿ ಕಳಿಸುವ ಬದಲು ಶಾಲೆಯಿಂದಲೇ ಪ್ರಸ್ತಾವನೆ ಕಳಿಸಿ, ಅದರ ಜಾವಕ ಸಂಖ್ಯೆಯನ್ನು ನನಗೆ ತಿಳಿಸಬೇಕು. ಅಲ್ಲಿ ತಡವಾದರೆ ವಿಚಾರಿಸಲು ನನ್ನ ಕೈಯಲ್ಲಿ ಅದೊಂದು ಸಂಖ್ಯೆಯಾದರೂ ಇರುತ್ತದೆ.

ವರ್ಗಾವಣೆ ಪ್ರಮಾಣಪತ್ರದ ವಿಷಯದಲ್ಲಿ ಒಂದು ವಿನಂತಿ ಇದೆ. ಅದೇ ಹಾಳೆಯ ಮೇಲೆ ವೈಟ್ನರ್ ಹಚ್ಚಿಯೋ, ಅಕ್ಷರ ಹೊಡೆದು ಮೇಲೆ ಬರೆದೋ ಕೊಡಬೇಡಿ. ಹಾಗೆ ತಿದ್ದಿದ ಪತ್ರ ಮುಂದೆ ಎಲ್ಲಿ ಹೋದರೂ ಅನುಮಾನಕ್ಕೆ ಎಡೆಯಾಗುತ್ತದೆ, ಹುಡುಗನೇ ತಿದ್ದಿಕೊಂಡಿದ್ದಾನೆ ಎಂದು ನೋಡುತ್ತಾರೆ. ಹಳೆಯದನ್ನು ಹಿಂಪಡೆದು ರದ್ದು ಎಂದು ಬರೆದಿಟ್ಟುಕೊಂಡು, ತಿದ್ದುಪಡಿಯಾದ ಬೇರೆ ಪ್ರತಿಯನ್ನು ಕೊಡಬೇಕೆಂದು ಕೋರುತ್ತೇನೆ. ಜುಲೈನಲ್ಲಿ ನಾನು ಬರೆದುಕೊಟ್ಟ ಅರ್ಜಿಗೆ ಸ್ವೀಕೃತಿ ಸಿಕ್ಕಿಲ್ಲ. ಅದನ್ನು ಆವಕ ವಹಿಯಲ್ಲಿ ದಾಖಲಿಸಿ ಅದರ ಸಂಖ್ಯೆಯನ್ನೂ ಕೊಡಬೇಕು.

ಸಮಿತಿಯ ಅಧ್ಯಕ್ಷರು ಮತ್ತು ಸದಸ್ಯರಲ್ಲಿ ನನ್ನದೊಂದು ಪ್ರತ್ಯೇಕ ಕೋರಿಕೆ. ತಾವೂ ಅದೇ ಶಾಲೆಯ ಮಕ್ಕಳ ಪಾಲಕರು. ನನ್ನ ಮಗನ ಜೊತೆಗೆ ಶಾಲೆ ಬಿಟ್ಟ ಮಕ್ಕಳಲ್ಲಿ ಮೂವರ ಪ್ರಮಾಣಪತ್ರಗಳು ನನ್ನ ಅಂಗಡಿಗೆ ಝೆರಾಕ್ಸ್‌ಗೆ ಬಂದಾಗ ನೋಡಿದೆ. ಮೂರರಲ್ಲಿಯೂ ಅಡ್ಡಹೆಸರಿನ ಕೊನೆಗೆ ಆಧಾರ್‌ನಲ್ಲಿ ಇಲ್ಲದ A ಸೇರಿಕೊಂಡಿದೆ. ಒಂದೇ ಕೈ, ಒಂದೇ ರೂಢಿಯಿಂದ ಇಡೀ ತರಗತಿಯ ಹೆಸರುಗಳನ್ನು ತುಂಬಿರುವಾಗ ಉಳಿದವರದು ಸರಿಯಾಗಿರುತ್ತದೆ ಎಂದು ನಂಬಲು ಆಧಾರವಿಲ್ಲ. ಈಗ ಏಳನೆಯ ತರಗತಿಯಲ್ಲಿರುವ ಮಕ್ಕಳ ಮಾಹಿತಿ ಇನ್ನೂ ತಮ್ಮ ಶಾಲೆಯ ಲಾಗಿನ್‌ನಲ್ಲಿಯೇ ಇದೆ. ಮಾರ್ಚ್‌ಗೆ ಮೊದಲು ಒಂದು ದಿನ ಪಾಲಕರನ್ನು ಕರೆದು, ಗಣಕಯಂತ್ರದಲ್ಲಿ ಇರುವ ಹೆಸರಿನ ಪಟ್ಟಿಯನ್ನು ಮುದ್ರಿಸಿ, ಜನನ ಪ್ರಮಾಣಪತ್ರ ಪಕ್ಕಕ್ಕಿಟ್ಟು ಒಂದೊಂದು ಅಕ್ಷರವನ್ನೂ ಬೆರಳಿಟ್ಟು ಓದಿಸಿ ಸಹಿ ಪಡೆಯಿರಿ. ಓದು ಬಾರದ ಪಾಲಕರಿಗೆ ಓದಿ ಹೇಳಲು, ಪಟ್ಟಿ ಮುದ್ರಿಸಿಕೊಡಲು ನಾನು ಬರುತ್ತೇನೆ, ಅದಕ್ಕೆ ಹಣ ಬೇಡ. ಅಂದು ಹತ್ತು ನಿಮಿಷದಲ್ಲಿ ತಿದ್ದಬಹುದಾದದ್ದಕ್ಕೆ ವರ್ಗಾವಣೆ ಪ್ರಮಾಣಪತ್ರ ಮುದ್ರಣವಾದ ಮೇಲೆ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ ಎಂಬುದನ್ನು ನಾನು ಜೂನ್‌ನಿಂದ ಅನುಭವಿಸುತ್ತಿದ್ದೇನೆ.

ಈ ಪತ್ರದೊಂದಿಗೆ ಜನನ ಪ್ರಮಾಣಪತ್ರ, ಒಂದು, ಎರಡು ಮತ್ತು ನಾಲ್ಕನೆಯ ತರಗತಿಯ ಪ್ರಗತಿ ಪತ್ರಗಳು ಹಾಗೂ ವರ್ಗಾವಣೆ ಪ್ರಮಾಣಪತ್ರದ ಪ್ರತಿಗಳನ್ನು ಶಾಲೆಗೆ ಸಲ್ಲಿಸುತ್ತಿದ್ದೇನೆ. ಆಧಾರ್ ಪ್ರತಿಯನ್ನು ಎಲ್ಲರ ಕೈಗೆ ಕೊಡುವುದು ಸರಿಯಲ್ಲವಾದ್ದರಿಂದ ಅದನ್ನು ಖುದ್ದಾಗಿ ತೋರಿಸುತ್ತೇನೆ. ಬರುವ ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಎಲ್ಲ ಮೂಲ ಕಾಗದಗಳೊಂದಿಗೆ ಶಾಲೆಗೆ ಬರುತ್ತೇನೆ. ದಯವಿಟ್ಟು ಅಂದು 2018ರ ದಾಖಲಾತಿ ವಹಿಯನ್ನು ತೆಗೆಸಿಟ್ಟಿರಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮಾಲತೇಶನ ತಾಯಿ,
ರಾಣೆಬೆನ್ನೂರು ತಾಲ್ಲೂಕು
ನವೆಂಬರ್ 2025